ಓದಿದಿರಿ, ಸರಿ; ಮುಗಿಸಿದಿರಾ?
ಎಸ್ಟೋನಿಯನ್ ಭಾಷೆ ಕಲಿಯುವವರನ್ನು ಕಾಡುವ ಎರಡು ವಿಭಕ್ತಿಗಳ ಕಥೆ

ಎಸ್ಟೋನಿಯನ್ ಭಾಷೆಯಲ್ಲಿ ‘ನಾನು ಪುಸ್ತಕ ಓದಿದೆ’ ಎಂದು ಬರೆಯಹೊರಟರೆ ‘ಪುಸ್ತಕ’ ಎಂಬ ಪದದ ಹತ್ತಿರ ಕೈ ನಿಲ್ಲುತ್ತದೆ. ಓದಿದ್ದು ಎಷ್ಟು? ಓದುತ್ತಾ ಕುಳಿತಿದ್ದಿರೋ, ಕೊನೆಯ ಪುಟದವರೆಗೂ ಮುಗಿಸಿದಿರೋ? ಇದಕ್ಕೆ ಉತ್ತರ ಗೊತ್ತಿಲ್ಲದೆ ಆ ಪದಕ್ಕೆ ಪ್ರತ್ಯಯ ಹಚ್ಚಲು ಬರುವುದಿಲ್ಲ. ಓದುತ್ತಿದ್ದೆ ಎನ್ನುವುದಾದರೆ ‘ಮ ಲುಗೆಸಿನ್ ರಾಮತುತ್’. ಓದಿ ಮುಗಿಸಿದೆ ಎನ್ನುವುದಾದರೆ ‘ಮ ಲುಗೆಸಿನ್ ರಾಮತು ಲ್ಯಾಬಿ’. ‘ಮ’ ಎಂದರೆ ನಾನು, ‘ಲುಗೆಸಿನ್’ ಎಂದರೆ ಓದಿದೆ, ‘ಲ್ಯಾಬಿ’ ಎಂದರೆ ಕೊನೆಯವರೆಗೆ. ಎರಡೂ ವಾಕ್ಯಗಳಲ್ಲಿ ಕ್ರಿಯಾಪದ ಒಂದೇ. ಬದಲಾದದ್ದು ಪುಸ್ತಕ: ಒಂದು ಕಡೆ ‘ರಾಮತುತ್’, ಇನ್ನೊಂದು ಕಡೆ ‘ರಾಮತು’.

ಎಸ್ಟೋನಿಯನ್ ಭಾಷೆಯನ್ನು ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ. ಇಲ್ಲಿ ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಈ ಭಾಷೆಯನ್ನು ತಾಯ್ನುಡಿಯಾಗಿ ಆಡುವವರು ಸುಮಾರು ಹನ್ನೊಂದು ಲಕ್ಷ ಮಂದಿ. ಫಿನ್ನಿಶ್ ಇದರ ಹತ್ತಿರದ ನಂಟ, ಹಂಗೇರಿಯನ್ ದೂರದ ನಂಟ. ಇಂಗ್ಲಿಷ್, ರಷ್ಯನ್, ಹಿಂದಿಗಳು ಸೇರಿರುವ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಇದು ಸೇರಿದ್ದಲ್ಲ. ನಾಮಪದಕ್ಕೆ ಹದಿನಾಲ್ಕು ವಿಭಕ್ತಿಗಳಿವೆ. ಹದಿನಾಲ್ಕು ಎಂದೊಡನೆ ಹೊಸಬರು ಹೆದರುತ್ತಾರೆ, ಆದರೆ ಅವುಗಳಲ್ಲಿ ಹನ್ನೊಂದು ಹೆಚ್ಚು ತೊಂದರೆ ಕೊಡುವುದಿಲ್ಲ. ‘ಒಳಗೆ’, ‘ಮೇಲೆ’, ‘ಜೊತೆಗೆ’, ‘ಇಲ್ಲದೆ’ ಎಂಬ ಅರ್ಥಗಳಿಗೆ ಒಂದೊಂದು ಪ್ರತ್ಯಯ, ಕಲಿತು ಅಂಟಿಸಿದರಾಯಿತು. ಕಷ್ಟವಿರುವುದು ಮೊದಲ ಮೂರರಲ್ಲಿ. ಪ್ರಥಮೆಯ ರೂಪ ‘ರಾಮತ್’. ಷಷ್ಠಿಯ ರೂಪ ‘ರಾಮತು’, ಅಂದರೆ ಪುಸ್ತಕದ. ಮೂರನೆಯದು ‘ರಾಮತುತ್’. ಇಂಗ್ಲಿಷ್ ವ್ಯಾಕರಣಗಳು ಇದನ್ನು ಪಾರ್ಟಿಟಿವ್ ಎನ್ನುತ್ತವೆ. ನಾವು ಅಂಶ ವಿಭಕ್ತಿ ಎನ್ನೋಣ.

ನಮ್ಮ ‘ಅನ್ನು’ ಪ್ರತ್ಯಯಕ್ಕೆ ಸಮನಾದ ದ್ವಿತೀಯಾ ವಿಭಕ್ತಿ ಈ ಪಟ್ಟಿಯಲ್ಲಿ ಇಲ್ಲ. ಕರ್ಮಪದದ ಕೆಲಸವನ್ನು ಬೇರೆ ವಿಭಕ್ತಿಗಳೇ ಹಂಚಿಕೊಂಡಿವೆ. ಕರ್ಮವನ್ನು ಕ್ರಿಯೆ ಪೂರ್ತಿಯಾಗಿ ತಾಗಿ ಮುಗಿದಿದ್ದರೆ ಅದು ಪೂರ್ಣ ಕರ್ಮ, ಏಕವಚನದಲ್ಲಿ ಷಷ್ಠಿ ರೂಪ. ಕ್ರಿಯೆ ಮುಗಿದಿಲ್ಲದಿದ್ದರೆ, ಅಥವಾ ಕರ್ಮದ ಒಂದಷ್ಟು ಭಾಗಕ್ಕಷ್ಟೇ ತಾಗಿದ್ದರೆ ಅದು ಅಂಶ ಕರ್ಮ, ಅಂಶ ವಿಭಕ್ತಿಯ ರೂಪ. ಎಸ್ಟೋನಿಯನ್ ಶಾಲಾ ವ್ಯಾಕರಣ ಇವನ್ನು ಕ್ರಮವಾಗಿ ‘ತ್ಯಾಯ್ಸ್‌ಸಿಹಿತಿಸ್’ ಮತ್ತು ‘ಒಸಸಿಹಿತಿಸ್’ ಎಂದು ಕರೆಯುತ್ತದೆ.

‘ಪುಸ್ತಕದ’ ಎಂಬ ರೂಪ ಕರ್ಮಪದವಾಗಿ ನಿಲ್ಲುವುದು ವಿಚಿತ್ರವಾಗಿ ಕಾಣಬಹುದು. ಇದಕ್ಕೆ ಕಾರಣ ಭಾಷೆಯ ಇತಿಹಾಸದಲ್ಲಿದೆ. ಈ ಭಾಷೆಗಳ ಪೂರ್ವರೂಪದಲ್ಲಿ ದ್ವಿತೀಯೆಗೆ ‘ಮ್’ ಎಂಬ ಪ್ರತ್ಯಯವೂ ಷಷ್ಠಿಗೆ ‘ನ್’ ಎಂಬ ಪ್ರತ್ಯಯವೂ ಇದ್ದವು. ಪದದ ಕೊನೆಯ ‘ಮ್’ ಸವೆದು ‘ನ್’ ಆಯಿತು, ಎರಡೂ ಕಲಸಿಹೋದವು. ಫಿನ್ನಿಶ್ ಇಂದಿಗೂ ಆ ‘ನ್’ ಅನ್ನು ಉಳಿಸಿಕೊಂಡಿದೆ. ಎಸ್ಟೋನಿಯನ್ ಅದನ್ನೂ ಬಿಟ್ಟುಕೊಟ್ಟಿತು, ಬರಿಯ ಸ್ವರ ಉಳಿಯಿತು. ಅಂಶ ವಿಭಕ್ತಿಯ ಮೂಲ ಬೇರೆ. ಅದು ಒಂದು ಕಾಲದಲ್ಲಿ ‘ಇಂದ’ ಎಂಬ ಅರ್ಥದ ಪ್ರತ್ಯಯವಾಗಿತ್ತು. ರೊಟ್ಟಿಯಿಂದ ತೆಗೆದುಕೊಂಡೆ ಎಂದರೆ ಪೂರ್ತಿ ರೊಟ್ಟಿ ತೆಗೆದುಕೊಳ್ಳಲಿಲ್ಲ, ಸ್ವಲ್ಪ ತೆಗೆದುಕೊಂಡೆ ಎಂದಾಯಿತಲ್ಲ. ಹಾಗೆ ‘ಸ್ವಲ್ಪ’ ಎಂಬ ಅರ್ಥ ಬಂತು. ಅಲ್ಲಿಂದ ‘ಇನ್ನೂ ಮುಗಿಯದ’ ಎಂಬ ಅರ್ಥಕ್ಕೂ ಹರಡಿತು.

ಇಂದಿಗೂ ಅಂಗಡಿಯ ಮಾತಿನಲ್ಲಿ ಆ ಹಳೆಯ ಅರ್ಥ ಹಾಗೆಯೇ ಕೇಳಿಸುತ್ತದೆ. ‘ಮ ಒಸ್ತ್ಸಿನ್ ಲೆಯ್ವ’ ಎಂದರೆ ಒಂದು ಇಡೀ ಬ್ರೆಡ್ಡು ಕೊಂಡೆ. ‘ಮ ಒಸ್ತ್ಸಿನ್ ಲೆಯ್ಬ’ ಎಂದರೆ ಬ್ರೆಡ್ಡು ಕೊಂಡೆ, ಎಷ್ಟೆಂದು ಹೇಳುತ್ತಿಲ್ಲ. ಮೊದಲನೆಯದು ಷಷ್ಠಿ, ಎರಡನೆಯದು ಅಂಶ ವಿಭಕ್ತಿ. ಎರಡೂ ಕಡೆ ಕೊಳ್ಳುವ ಕೆಲಸವೇನೋ ಮುಗಿದಿದೆ. ವ್ಯತ್ಯಾಸ ಪ್ರಮಾಣದ್ದು.

ಕ್ರಮವಾಗಿ ಕೇಳಬೇಕಾದ ಮೂರು ಪ್ರಶ್ನೆ

ಪಠ್ಯಪುಸ್ತಕಗಳು ಅಂಶ ವಿಭಕ್ತಿಯನ್ನು ಎಲ್ಲೆಲ್ಲಿ ಬಳಸಬೇಕೆಂದು ಉದ್ದನೆಯ ಪಟ್ಟಿ ಕೊಡುತ್ತವೆ. ಬರೆಯುವ ಹೊತ್ತಿಗೆ ಪಟ್ಟಿ ನೆನಪಿಗೆ ಬರುವುದು ಕಷ್ಟ. ಅದಕ್ಕಿಂತ ಮೂರು ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳಿಕೊಳ್ಳುವುದು ಸುಲಭ. ಒಂದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಮುಂದಿನದಕ್ಕೆ ಹೋಗಬೇಕಾಗಿಲ್ಲ.

ಮೊದಲ ಪ್ರಶ್ನೆ: ವಾಕ್ಯ ನಿಷೇಧವೇ? ಹೌದಾದರೆ ಅಂಶ ವಿಭಕ್ತಿ, ಅಲ್ಲಿಗೆ ಮುಗಿಯಿತು. ಕೊಳ್ಳಲಿಲ್ಲ, ಓದಲಿಲ್ಲ, ಸಿಗಲಿಲ್ಲ ಎಂದ ಮೇಲೆ ಕ್ರಿಯೆ ಕರ್ಮವನ್ನು ಪೂರ್ತಿಯಾಗಿ ತಾಗಿದೆ ಎನ್ನುವ ಮಾತೇ ಇಲ್ಲ. ‘ಮ ಎಯ್ ಒಸ್ತ್‌ನುದ್ ರಾಮತುತ್’, ನಾನು ಪುಸ್ತಕ ಕೊಳ್ಳಲಿಲ್ಲ. ಈ ನಿಯಮ ಉಳಿದೆಲ್ಲ ನಿಯಮಗಳನ್ನೂ ಮೀರಿಸುತ್ತದೆ. ವಾಕ್ಯದಲ್ಲಿ ‘ಕೊನೆಯವರೆಗೆ’ ಎಂಬ ಪದವಿದ್ದರೂ ನಿಷೇಧವೇ ಗೆಲ್ಲುತ್ತದೆ.

ಎರಡನೆಯ ಪ್ರಶ್ನೆ: ಕ್ರಿಯಾಪದ ಯಾವ ಜಾತಿಯದು? ಕೆಲವು ಕ್ರಿಯೆಗಳಿಗೆ ಮುಗಿತಾಯ ಎಂಬುದೇ ಇಲ್ಲ. ಪ್ರೀತಿಸುವುದು, ದ್ವೇಷಿಸುವುದು, ಹೆದರುವುದು, ಕಾಯುವುದು, ನೆರವಾಗುವುದು, ಕೇಳಿಸಿಕೊಳ್ಳುವುದು, ನೋಡುವುದು ಇಂಥವು. ಇವು ಸಾಮಾನ್ಯವಾಗಿ ಅಂಶ ವಿಭಕ್ತಿಯನ್ನೇ ಬೇಡುತ್ತವೆ. ಇದಕ್ಕೆ ಎದುರಾಗಿ ಇನ್ನೊಂದು ಗುಂಪಿದೆ: ಸಿಕ್ಕುವುದು, ಕಳೆದುಕೊಳ್ಳುವುದು, ಪಡೆಯುವುದು, ಕೊಡುವುದು, ಕೊಳ್ಳುವುದು. ಕಳೆದುಹೋದ ಪುಸ್ತಕ ಸಿಕ್ಕಿತು ಎಂದರೆ ಸಿಕ್ಕಿತು. ಅರ್ಧ ಸಿಕ್ಕಿತು ಎನ್ನುವುದಿಲ್ಲ. ಎಣಿಸಬಹುದಾದ ಒಂದು ವಸ್ತು ಕರ್ಮವಾಗಿದ್ದಾಗ ಇವುಗಳಿಗೆ ಸಹಜವಾಗಿ ಷಷ್ಠಿ ಬರುತ್ತದೆ.

ಮೂರನೆಯ ಪ್ರಶ್ನೆ ಇವೆರಡರ ನಡುವಿನ ದೊಡ್ಡ ಗುಂಪಿಗೆ. ಓದು, ಬರೆ, ಅಡುಗೆ ಮಾಡು, ಕುಡಿ, ಕಟ್ಟು, ಹೊಲಿ ಮುಂತಾದ ಕ್ರಿಯೆಗಳು ನಡೆಯುತ್ತಲೂ ಇರಬಹುದು, ಮುಗಿದೂ ಇರಬಹುದು. ಇಲ್ಲಿ ಕೇಳಬೇಕಾದದ್ದು: ಫಲ ಕೈಗೆ ಬಂತೇ? ‘ಮ ಕೇತ್ಸಿನ್ ಸುಪ್ಪಿ’ ಎಂದರೆ ಸೂಪು ಮಾಡುತ್ತಿದ್ದೆ, ಒಲೆಯ ಮುಂದೆ ನಿಂತಿದ್ದೆ. ‘ಮ ಕೇತ್ಸಿನ್ ಸುಪಿ ವಲ್ಮಿಸ್’ ಎಂದರೆ ಸೂಪು ಮಾಡಿ ಮುಗಿಸಿದೆ, ಬಡಿಸಬಹುದು. ‘ವಲ್ಮಿಸ್’ ಎಂದರೆ ಸಿದ್ಧ.

ಈ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಒಳ್ಳೆಯ ಪರೀಕ್ಷೆ ಇದೆ. ಅದು ಕನ್ನಡಿಗರಿಗೆ ತೀರ ಸಲೀಸು, ಏಕೆಂದರೆ ನಮ್ಮಲ್ಲೂ ಅದೇ ಭೇದವಿದೆ. ‘ಮೂರು ಗಂಟೆ ಓದಿದೆ’ ಎನ್ನುತ್ತೇವೆ, ‘ಮೂರು ಗಂಟೆಯಲ್ಲಿ ಓದಿ ಮುಗಿಸಿದೆ’ ಎನ್ನುತ್ತೇವೆ. ‘ಮೂರು ಗಂಟೆ ಓದಿ ಮುಗಿಸಿದೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಎಸ್ಟೋನಿಯನ್ನಲ್ಲೂ ಹಾಗೆಯೇ. ‘ಕೊಲ್ಮ್ ತುಂದಿ’, ಅಂದರೆ ಮೂರು ಗಂಟೆ ಕಾಲ, ವಾಕ್ಯಕ್ಕೆ ಹೊಂದಿದರೆ ಕರ್ಮಕ್ಕೆ ಅಂಶ ವಿಭಕ್ತಿ. ‘ಕೊಲ್ಮೆ ತುನ್ನಿಗ’, ಅಂದರೆ ಮೂರು ಗಂಟೆಯಲ್ಲಿ, ಹೊಂದಿದರೆ ಷಷ್ಠಿ.

ಆರು ವಾಕ್ಯ, ಆರು ತಪ್ಪು

ಈಗ ಕಲಿಯುವವರ ಬರಹವೊಂದನ್ನು ತಿದ್ದೋಣ. ಕೆಳಗಿನ ಆರು ವಾಕ್ಯಗಳನ್ನು ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ಒಂದೇ ಕಡೆ ತೋರಿಸಲೆಂದು ನಾನೇ ಹೆಣೆದಿದ್ದೇನೆ. ಆರರಲ್ಲೂ ಕರ್ಮ ಅದೇ ಪುಸ್ತಕ, ಆರರಲ್ಲೂ ಅದರ ರೂಪ ತಪ್ಪು. ಬರೆದವರು ಹೇಳಹೊರಟಿದ್ದು ಇಷ್ಟು: ನಿನ್ನೆ ಒಂದು ಪುಸ್ತಕ ಕೊಂಡೆ. ಅದನ್ನು ಮೂರು ಗಂಟೆ ಓದಿದೆ. ಆದರೆ ಓದಿ ಮುಗಿಸಲಿಲ್ಲ. ಈ ಪುಸ್ತಕ ನನಗೆ ತುಂಬ ಪ್ರಿಯ. ನಾಳೆ ಓದಿ ಮುಗಿಸುತ್ತೇನೆ. ಆಮೇಲೆ ಎರಡು ಪುಸ್ತಕ ಕೊಳ್ಳುತ್ತೇನೆ.

1. ಎಯ್ಲೆ ಮ ಒಸ್ತ್ಸಿನ್ ರಾಮತುತ್.

‘ನಿನ್ನೆ ನಾನು ಪುಸ್ತಕ ಕೊಂಡೆ.’ ಬರೆದವರು ‘ಕರ್ಮಪದ ಎಂದರೆ ಅಂಶ ವಿಭಕ್ತಿ’ ಎಂದು ಮನಸ್ಸಿನಲ್ಲಿ ಸಮೀಕರಣ ಹಾಕಿಕೊಂಡಿದ್ದಾರೆ. ಮೂರು ಪ್ರಶ್ನೆ ಕೇಳಿ ನೋಡಿ. ನಿಷೇಧವಿಲ್ಲ. ಕೊಳ್ಳುವುದು ಫಲ ಕೊಟ್ಟೇ ಮುಗಿಯುವ ಕ್ರಿಯೆ. ದುಡ್ಡು ಕೊಟ್ಟಾಯಿತು, ಪುಸ್ತಕ ಚೀಲ ಸೇರಿತು. ಆದ್ದರಿಂದ ‘ರಾಮತು’ ಆಗಬೇಕು. ‘ರಾಮತುತ್’ ಎಂಬ ರೂಪ ಇಲ್ಲಿ ಯಾವತ್ತೂ ಬಾರದು ಎಂದಲ್ಲ. ‘ಮ ಒಸ್ತ್ಸಿನ್ ಪರಯಸ್ತಿ ರಾಮತುತ್, ಕುಯ್ ತೆಲೆಫೊನ್ ಹೆಲಿಸೆಸ್’ ಎಂದರೆ ಸರಿ: ಇನ್ನೇನು ಪುಸ್ತಕ ಕೊಳ್ಳುತ್ತಿದ್ದೆ, ಆಗ ಫೋನು ಬಂತು. ಕೊಳ್ಳುವ ಕ್ರಿಯೆ ನಡುವೆ ತಡೆದು ನಿಂತಿದೆ. ಬರೀ ‘ನಿನ್ನೆ ಕೊಂಡೆ’ ಎನ್ನುವಾಗ ಅಂಥ ಸನ್ನಿವೇಶವಿಲ್ಲ.

2. ಮ ಲುಗೆಸಿನ್ ರಾಮತು ಕೊಲ್ಮ್ ತುಂದಿ.

‘ಪುಸ್ತಕವನ್ನು ಮೂರು ಗಂಟೆ ಓದಿದೆ.’ ಮೊದಲ ವಾಕ್ಯವನ್ನು ತಿದ್ದಿಸಿಕೊಂಡವರು ಮುಂದಿನದರಲ್ಲಿ ಈ ಕಡೆಗೆ ವಾಲುವುದುಂಟು. ಪುಸ್ತಕ ಒಂದೇ, ಇಡೀ ಪುಸ್ತಕ ಕೈಯಲ್ಲಿದೆ, ಭೂತಕಾಲವೂ ಹೌದು, ಹಾಗಾದರೆ ಷಷ್ಠಿಯೇ ಇರಬೇಕು ಎಂಬ ಊಹೆ. ಆದರೆ ‘ಕೊಲ್ಮ್ ತುಂದಿ’ ಎಷ್ಟು ಹೊತ್ತು ಓದಿದೆ ಎಂದು ಹೇಳುತ್ತದೆ, ಮುಗಿಸಿದೆ ಎನ್ನುವುದಿಲ್ಲ. ಹಾಗಾಗಿ ‘ರಾಮತುತ್’. ಮೂರು ಗಂಟೆಯಲ್ಲಿ ಮುಗಿಸಿದ್ದಿದ್ದರೆ ‘ಮ ಲುಗೆಸಿನ್ ರಾಮತು ಕೊಲ್ಮೆ ತುನ್ನಿಗ ಲ್ಯಾಬಿ’ ಎನ್ನಬೇಕಿತ್ತು. ಭೂತಕಾಲಕ್ಕೂ ಪೂರ್ಣತೆಗೂ ಗಂಟು ಹಾಕಬಾರದು. ನಿನ್ನೆಯ ಕ್ರಿಯೆ ನಿನ್ನೆಯೇ ಅರ್ಧಕ್ಕೆ ನಿಂತಿರಬಹುದು.

3. ಅಗ ಮ ಎಯ್ ಲುಗೆನುದ್ ರಾಮತು ಲ್ಯಾಬಿ.

‘ಆದರೆ ಪುಸ್ತಕ ಓದಿ ಮುಗಿಸಲಿಲ್ಲ.’ ‘ಲ್ಯಾಬಿ’ ಇದ್ದರೆ ಷಷ್ಠಿ ಎಂದು ಕಲಿತವರು ಮಾಡುವ ತಪ್ಪು ಇದು. ಅವರು ಮೂರನೆಯ ಪ್ರಶ್ನೆಯಿಂದ ಆರಂಭಿಸಿದ್ದಾರೆ, ಮೊದಲನೆಯದನ್ನು ಕೇಳಲೇ ಇಲ್ಲ. ವಾಕ್ಯದಲ್ಲಿ ‘ಎಯ್’ ಇದೆ, ಅದು ನಿಷೇಧದ ಗುರುತು. ‘ಲ್ಯಾಬಿ’ ಅಲ್ಲೇ ಇರಲಿ, ಕರ್ಮ ಮಾತ್ರ ‘ರಾಮತುತ್’ ಆಗಬೇಕು.

4. ಮ ಅರ್ಮಸ್ತನ್ ಸೆಲ್ಲೆ ರಾಮತು.

‘ಈ ಪುಸ್ತಕವನ್ನು ಪ್ರೀತಿಸುತ್ತೇನೆ.’ ಬರೆದವರ ತರ್ಕ ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ: ನಾನು ಪುಸ್ತಕದ ಒಂದು ಭಾಗವನ್ನಲ್ಲ, ಇಡೀ ಪುಸ್ತಕವನ್ನು ಪ್ರೀತಿಸುತ್ತೇನೆ. ವ್ಯಾಕರಣ ಕೇಳುವುದು ಪ್ರೀತಿಯ ವಿಸ್ತಾರವನ್ನಲ್ಲ. ಕ್ರಿಯೆ ಒಂದು ತುದಿ ಮುಟ್ಟಿ ಕರ್ಮದ ಸ್ಥಿತಿಯನ್ನು ಬದಲಿಸಿತೇ ಎಂದು ಅದು ಕೇಳುತ್ತದೆ. ಪ್ರೀತಿಸುವುದಕ್ಕೆ ತುದಿಯಿಲ್ಲ. ಆದ್ದರಿಂದ ‘ಮ ಅರ್ಮಸ್ತನ್ ಸೆದ ರಾಮತುತ್’. ಪುಸ್ತಕದ ಜೊತೆಗೆ ‘ಈ’ ಎಂಬ ಪದವೂ ಬದಲಾದದ್ದನ್ನು ಗಮನಿಸಿ. ಷಷ್ಠಿಯಲ್ಲಿ ‘ಸೆಲ್ಲೆ’, ಅಂಶ ವಿಭಕ್ತಿಯಲ್ಲಿ ‘ಸೆದ’. ಈ ಜೋಡಿ ಮುಂದೆ ಕೆಲಸಕ್ಕೆ ಬರುತ್ತದೆ.

5. ಹೊಮ್ಮೆ ಮ ಲೊಎನ್ ರಾಮತುತ್ ಲ್ಯಾಬಿ.

‘ನಾಳೆ ಪುಸ್ತಕ ಓದಿ ಮುಗಿಸುತ್ತೇನೆ.’ ಇನ್ನೂ ನಡೆಯದ ಕೆಲಸ ಪೂರ್ಣವಾಗುವುದು ಹೇಗೆ ಎಂದು ಯೋಚಿಸಿ ಅಂಶ ವಿಭಕ್ತಿ ಹಾಕಿದ್ದಾರೆ. ಎಸ್ಟೋನಿಯನ್ನಲ್ಲಿ ಭವಿಷ್ಯತ್ಕಾಲಕ್ಕೆ ಪ್ರತ್ಯೇಕ ಕ್ರಿಯಾರೂಪವಿಲ್ಲ. ‘ಲೊಎನ್’ ಎಂದರೆ ಓದುತ್ತಿದ್ದೇನೆ ಎಂದೂ ಆಗುತ್ತದೆ, ಓದುತ್ತೇನೆ ಎಂದೂ ಆಗುತ್ತದೆ. ಇಂಥ ಕಡೆ ಕಾಲವನ್ನು ತಿಳಿಸುವ ಹೊಣೆಯೂ ಕರ್ಮಪದದ ಮೇಲೆ ಬೀಳುತ್ತದೆ. ‘ಮ ಲೊಎನ್ ರಾಮತುತ್’ ಎಂದಷ್ಟೇ ಹೇಳಿದರೆ ಸಾಮಾನ್ಯವಾಗಿ ಈಗ ಓದುತ್ತಿದ್ದೇನೆ ಎಂದು ತಿಳಿಯುತ್ತಾರೆ. ‘ಮ ಲೊಎನ್ ರಾಮತು ಲ್ಯಾಬಿ’ ಎಂದರೆ ಮುಂದೆ ಓದಿ ಮುಗಿಸುತ್ತೇನೆ ಎಂದೇ ಅರ್ಥ. ಈ ಕ್ಷಣದಲ್ಲಿ ನಡೆಯುತ್ತಿರುವ ಕೆಲಸ ಮುಗಿದಿರಲಾರದಲ್ಲ. ನಾಳೆ ಬರಲಿರುವ ಮುಗಿತಾಯವೂ ಮುಗಿತಾಯವೇ. ಆದ್ದರಿಂದ ‘ರಾಮತು’.

6. ಸೀಸ್ ಮ ಒಸ್ತನ್ ಕಕ್ಸ್ ರಾಮತು.

‘ಆಮೇಲೆ ಎರಡು ಪುಸ್ತಕ ಕೊಳ್ಳುತ್ತೇನೆ.’ ಕೊಳ್ಳುವುದು ಪೂರ್ಣ ಕ್ರಿಯೆ, ಅದಕ್ಕೇ ಷಷ್ಠಿ ಎಂದು ಲೆಕ್ಕ ಹಾಕಿದ್ದಾರೆ. ಆದರೆ ಇಲ್ಲಿ ಸಂಖ್ಯೆಯ ನಿಯಮ ಅಡ್ಡ ಬರುತ್ತದೆ. ಎರಡರಿಂದ ಮೇಲಿನ ಸಂಖ್ಯೆ ಪ್ರಥಮೆಯಲ್ಲಿದ್ದಾಗ ಅದರ ಮುಂದಿನ ನಾಮಪದ ಅಂಶ ವಿಭಕ್ತಿಯ ಏಕವಚನಕ್ಕೆ ಹೋಗುತ್ತದೆ: ‘ಕಕ್ಸ್ ರಾಮತುತ್’. ಇದು ಕರ್ಮವಾಗಿದ್ದಕ್ಕೆ ಬಂದ ರೂಪವಲ್ಲ, ‘ಎರಡು’ ಎಂಬ ಪದ ಹೊರಿಸಿದ ರೂಪ. ಎರಡೂ ಸೇರಿ ಪೂರ್ಣ ಕರ್ಮವಾಗಿ ನಿಂತಿವೆ. ನಿಷೇಧ ಬಂದರೆ ಬದಲಾಗುವುದು ಸಂಖ್ಯೆ: ‘ಮ ಎಯ್ ಒಸ್ತ್‌ನುದ್ ಕಹ್ತೆ ರಾಮತುತ್’, ಎರಡು ಪುಸ್ತಕ ಕೊಳ್ಳಲಿಲ್ಲ. ಪುಸ್ತಕ ಎರಡೂ ವಾಕ್ಯಗಳಲ್ಲಿ ಒಂದೇ ರೂಪದಲ್ಲಿದೆ, ‘ಕಕ್ಸ್’ ಹೋಗಿ ‘ಕಹ್ತೆ’ ಆಗಿದೆ.

ತಾಯ್ನುಡಿಯ ಎಳೆತ

1991ರಲ್ಲಿ ಎಸ್ಟೋನಿಯ ಮತ್ತೆ ಸ್ವತಂತ್ರವಾದಾಗ ಅಲ್ಲಿ ನೆಲೆಸಿದ್ದ ದೊಡ್ಡ ಜನವರ್ಗವೊಂದರ ಮನೆಮಾತು ರಷ್ಯನ್ ಆಗಿತ್ತು. ಇಂದಿಗೂ ನಾರ್ವಾದಂಥ ಗಡಿ ಊರಿನಲ್ಲಿ, ರಾಜಧಾನಿ ಟಾಲಿನ್ನಿನ ಹಲವು ಬಡಾವಣೆಗಳಲ್ಲಿ ಅದೇ ಮಾತು ಕೇಳುತ್ತದೆ. ನಾಗರಿಕತ್ವ ಬೇಕೆನ್ನುವವರು ಎಸ್ಟೋನಿಯನ್ ಭಾಷೆಯಲ್ಲಿ ಬಿ1 ಮಟ್ಟ ಮುಟ್ಟಿರಬೇಕು. ಹೀಗಾಗಿ ಪರಭಾಷಿಕರು ಬರೆದ ಎಸ್ಟೋನಿಯನ್ ಅಲ್ಲಿ ಹೇರಳ. ಟಾಲಿನ್ ವಿಶ್ವವಿದ್ಯಾಲಯ ಇಂಥ ಬರಹಗಳನ್ನು ಕಲೆಹಾಕಿ, ತಪ್ಪುಗಳನ್ನು ಗುರುತಿಸಿ, ಕಲಿಕೆಯ ಹಂತದ ಭಾಷೆಯ ಸಂಗ್ರಹವೊಂದನ್ನು ಕಟ್ಟಿದೆ.

ರಷ್ಯನ್ ಆಡುವವರಿಗೆ ಮುಗಿದದ್ದು, ಮುಗಿಯದ್ದು ಎಂಬ ಭೇದ ಹೊಸದಲ್ಲ. ಅವರ ಭಾಷೆಯಲ್ಲಿ ‘ಚಿತಾಲ್ ಕ್ನಿಗು’ ಎಂದರೆ ಪುಸ್ತಕ ಓದುತ್ತಿದ್ದ, ‘ಪ್ರೊಚಿತಾಲ್ ಕ್ನಿಗು’ ಎಂದರೆ ಓದಿ ಮುಗಿಸಿದ. ಬದಲಾಗುವುದು ಕ್ರಿಯಾಪದ, ಪುಸ್ತಕ ಇದ್ದಲ್ಲೇ ಇರುತ್ತದೆ. ತಿಳಿವಳಿಕೆ ಅವರಲ್ಲಿದೆ; ಅದನ್ನು ಕ್ರಿಯಾಪದದಿಂದ ತೆಗೆದು ನಾಮಪದದ ಮೇಲೆ ಇಡುವ ಅಭ್ಯಾಸವಿಲ್ಲ.

ಕನ್ನಡಿಗರ ಪರಿಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ನಾವು ಪೂರ್ಣತೆಯನ್ನು ಕ್ರಿಯೆಯ ಬಾಲಕ್ಕೆ ಕಟ್ಟುತ್ತೇವೆ: ಓದುತ್ತಿದ್ದೆ, ಓದಿ ಮುಗಿಸಿದೆ, ಓದಿಬಿಟ್ಟೆ. ಈ ‘ಬಿಡು’ವಿಗೆ ಬಲು ಹತ್ತಿರದ ಪದವೊಂದು ಎಸ್ಟೋನಿಯನ್ನಲ್ಲಿದೆ, ‘ಆ್ಯರ’. ‘ಮ ಯೋನ್ ಸೆಲ್ಲೆ ಕೊಹ್ವಿ ಆ್ಯರ’ ಎಂದರೆ ಈ ಕಾಫಿ ಕುಡಿದುಬಿಡುತ್ತೇನೆ. ‘ಬಿಡು’ ಬರುವಂಥ ಅರ್ಥವಿದ್ದಾಗ ‘ಆ್ಯರ’ ಹಾಕಿ ಷಷ್ಠಿ ಬಳಸಿದರೆ ಅನೇಕ ವಾಕ್ಯಗಳು ಸರಿಯಾಗಿಯೇ ಬರುತ್ತವೆ. ಒಂದು ಎಚ್ಚರಿಕೆ: ‘ಬೇಡ’ ಎನ್ನಲು ಬಳಸುವ ಪದವೂ ‘ಆ್ಯರ’ವೇ. ‘ಆ್ಯರ ಯೋ ಸೆದ ಕೊಹ್ವಿ ಆ್ಯರ’ ಎಂದರೆ ಈ ಕಾಫಿಯನ್ನು ಕುಡಿದುಬಿಡಬೇಡ. ಮೊದಲ ‘ಆ್ಯರ’ ನಿಷೇಧ, ಕೊನೆಯದು ‘ಬಿಡು’. ನಿಷೇಧ ಬಂದದ್ದರಿಂದ ‘ಸೆಲ್ಲೆ’ ಹೋಗಿ ‘ಸೆದ’ ಆಯಿತು. ಮೊದಲ ಪ್ರಶ್ನೆಗೆ ಮೊದಲ ಸ್ಥಾನ ಏಕೆ ಎಂಬುದು ಈ ಒಂದು ವಾಕ್ಯದಿಂದಲೇ ತಿಳಿಯುತ್ತದೆ.

ಕನ್ನಡದ ಅಭ್ಯಾಸ ಎರಡು ಕಡೆ ದಾರಿ ತಪ್ಪಿಸಬಹುದು. ನಾವು ‘ಪುಸ್ತಕ ಓದಿದೆ’ ಎಂದು ‘ಅನ್ನು’ ಇಲ್ಲದೆಯೂ ಹೇಳುತ್ತೇವೆ. ಅದೇ ಧಾಟಿಯಲ್ಲಿ ‘ಮ ಲುಗೆಸಿನ್ ರಾಮತ್’ ಎಂದು ಪ್ರಥಮೆಯ ರೂಪ ಇಟ್ಟರೆ ಎಸ್ಟೋನಿಯನ್ನಲ್ಲಿ ತಪ್ಪು. ಇಂಥ ಸರಳ ವಾಕ್ಯದಲ್ಲಿ ಏಕವಚನದ ಕರ್ಮಪದ ಬರಿಮೈಯಲ್ಲಿ ನಿಲ್ಲುವಂತಿಲ್ಲ. ಇನ್ನೊಂದು, ‘ಅನ್ನು’ ಹಚ್ಚಿದಾಗ ನಮಗೆ ಗೊತ್ತಿರುವ, ನಿರ್ದಿಷ್ಟವಾದ ಪುಸ್ತಕ ಎಂಬ ಛಾಯೆ ಬರುತ್ತದೆ. ಹಾಗಾಗಿ ಷಷ್ಠಿ ಎಂದರೆ ನಿರ್ದಿಷ್ಟ, ಅಂಶ ವಿಭಕ್ತಿ ಎಂದರೆ ಅನಿರ್ದಿಷ್ಟ ಎಂದು ಅಂದುಕೊಳ್ಳುವುದು ಸುಲಭ. ‘ಮ ಲುಗೆಸಿನ್ ಸೆದ ರಾಮತುತ್’ ಎಂಬ ವಾಕ್ಯ ಆ ಊಹೆಯನ್ನು ತಳ್ಳಿಹಾಕುತ್ತದೆ. ಇದೇ ಪುಸ್ತಕ ಎಂದು ಬೆರಳಿಟ್ಟು ತೋರಿಸುತ್ತಿದ್ದರೂ ಓದಿ ಮುಗಿದಿಲ್ಲವಾದ್ದರಿಂದ ಅಂಶ ವಿಭಕ್ತಿ.

ಕಣ್ಣಿಗೆ ಕಾಣದ ವ್ಯತ್ಯಾಸ

‘ರಾಮತ್’ ಉಪಕಾರಿ ಪದ, ಮೂರು ರೂಪಗಳೂ ಬೇರೆ ಬೇರೆ. ಎಲ್ಲ ಪದಗಳೂ ಹೀಗಿಲ್ಲ. ಮನೆ ಎಂಬರ್ಥದ ‘ಮಯ’ ಮೂರು ವಿಭಕ್ತಿಗಳಲ್ಲೂ ‘ಮಯ’ವೇ. ‘ಮ ಒಸ್ತ್ಸಿನ್ ಮಯ’ ಎಂದು ಬರೆದ ವಿದ್ಯಾರ್ಥಿ ಯಾವ ವಿಭಕ್ತಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂದು ಮೇಷ್ಟ್ರಿಗೂ ತಿಳಿಯುವುದಿಲ್ಲ.

ಇನ್ನು ಕೆಲವು ಪದಗಳಲ್ಲಿ ಬರಹ ಒಂದೇ, ಉಚ್ಚಾರಣೆ ಬೇರೆ. ನಮ್ಮ ವ್ಯಾಕರಣ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಅಳತೆ ಹೇಳುತ್ತದೆ. ಪ್ಲುತ ನಮಗೆ ಯಾರನ್ನಾದರೂ ಕೂಗಿ ಕರೆಯುವಾಗ ಬರುವಂಥದು. ಎಸ್ಟೋನಿಯನ್ನಲ್ಲೂ ಮೂರು ಅಳತೆಗಳಿವೆ, ಅಲ್ಲಿ ಅತಿ ದೀರ್ಘಕ್ಕೆ ವ್ಯಾಕರಣದ ಕೆಲಸವಿದೆ. ಪಟ್ಟಣ ಎಂಬರ್ಥದ ‘ಲಿನ್ನ್’ ಪದದ ಷಷ್ಠಿಯೂ ‘ಲಿನ್ನ’, ಅಂಶ ವಿಭಕ್ತಿಯೂ ‘ಲಿನ್ನ’. ಮೊದಲನೆಯದರಲ್ಲಿ ‘ನ್ನ’ ದೀರ್ಘ, ಎರಡನೆಯದರಲ್ಲಿ ಇನ್ನೂ ಎಳೆದ ಅತಿ ದೀರ್ಘ. ಬರಹದಲ್ಲಿ ಈ ಭೇದಕ್ಕೆ ಗುರುತಿಲ್ಲ.

ಸಂಶಯ ಬಂದಾಗ ‘ಸೆಲ್ಲೆ’, ‘ಸೆದ’ ಜೋಡಿ ನೆರವಿಗೆ ಬರುತ್ತದೆ. ನಾಮಪದದ ಹಿಂದೆ ‘ಈ’ ಸೇರಿಸಿ ಹೇಳಿ ನೋಡಿದರೆ ಅಡಗಿದ್ದ ವಿಭಕ್ತಿ ಹೊರಬರುತ್ತದೆ. ‘ಒಸ್ತ್ಸಿನ್ ಸೆಲ್ಲೆ ಮಯ’, ಈ ಮನೆ ಕೊಂಡೆ. ‘ಅರ್ಮಸ್ತನ್ ಸೆದ ಮಯ’, ಈ ಮನೆ ನನಗೆ ಪ್ರಿಯ. ಪ್ರಶ್ನಪದಗಳಿಂದಲೂ ಇದೇ ಕೆಲಸ ತೆಗೆಯಬಹುದು: ‘ಮಿಲ್ಲೆ’ ಎಂದು ಕೇಳಿದರೆ ಷಷ್ಠಿ, ‘ಮಿದ’ ಎಂದು ಕೇಳಿದರೆ ಅಂಶ ವಿಭಕ್ತಿ.

ನಿಯಮ ನಿಲ್ಲುವ ಗಡಿ

ಮೂರು ಪ್ರಶ್ನೆಗಳ ದಾರಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಪೂರ್ಣ ಕರ್ಮಕ್ಕೆ ಷಷ್ಠಿ ಎಂದದ್ದು ಏಕವಚನದ ಮಾತು. ಬಹುವಚನದಲ್ಲಿ ಪೂರ್ಣ ಕರ್ಮ ಪ್ರಥಮೆಯಲ್ಲಿರುತ್ತದೆ. ‘ಮ ಒಸ್ತ್ಸಿನ್ ರಾಮತುದ್’ ಎಂದರೆ ಆ ಪುಸ್ತಕಗಳನ್ನೆಲ್ಲ ಕೊಂಡೆ. ‘ಮ ಒಸ್ತ್ಸಿನ್ ರಾಮತುಯ್ದ್’ ಎಂದರೆ ಒಂದಷ್ಟು ಪುಸ್ತಕ ಕೊಂಡೆ. ಆಜ್ಞೆ ಮಾಡುವಾಗಲೂ ಷಷ್ಠಿ ಬರುವುದಿಲ್ಲ: ‘ಒಸ್ತ ರಾಮತ್’, ಪುಸ್ತಕ ಕೊಂಡುಕೋ. ಇಲ್ಲಿ ‘ರಾಮತು’ ಎಂದು ಬರೆಯುವವರು ನಿಯಮವನ್ನು ಅರ್ಥಮಾಡಿಕೊಂಡೇ ತಪ್ಪುತ್ತಾರೆ. ‘ನನ್ನನ್ನು’, ‘ನಿನ್ನನ್ನು’ ಎನ್ನುವಾಗ ಕ್ರಿಯೆ ಪೂರ್ಣವಾಗಿದ್ದರೂ ರೂಢಿಯಲ್ಲಿ ಅಂಶ ವಿಭಕ್ತಿಯೇ ಬರುತ್ತದೆ. ‘ಮ ವೀನ್ ಸಿಂದ್ ಕೊಯು’, ನಿನ್ನನ್ನು ಮನೆಗೆ ಕರೆದೊಯ್ಯುತ್ತೇನೆ.

ಎರಡನೆಯ ಪ್ರಶ್ನೆಯ ಕ್ರಿಯಾಪದಗಳ ಗುಂಪಿಗೂ ಕಬ್ಬಿಣದ ಬೇಲಿಯಿಲ್ಲ. ‘ನೋಡು’ ಎಂಬರ್ಥದ ‘ವಾತಮ’ ಅಂಶ ವಿಭಕ್ತಿಯನ್ನು ಬೇಡುವ ಕ್ರಿಯೆ: ‘ಮ ವಾತಸಿನ್ ಸೆದ ಫಿಲ್ಮಿ’, ಈ ಸಿನಿಮಾ ನೋಡುತ್ತಿದ್ದೆ. ಅದಕ್ಕೆ ‘ಆ್ಯರ’ ಸೇರಿಸಿದರೆ ತುದಿಯೊಂದು ಹುಟ್ಟಿಕೊಳ್ಳುತ್ತದೆ: ‘ಮ ವಾತಸಿನ್ ಸೆಲ್ಲೆ ಫಿಲ್ಮಿ ಆ್ಯರ’, ಈ ಸಿನಿಮಾ ನೋಡಿ ಮುಗಿಸಿದೆ. ಕ್ರಿಯಾಪದವನ್ನು ಅದರ ಬಾಲದೊಂದಿಗೆ ಸೇರಿಸಿಯೇ ತೂಗಬೇಕು.

ಕೆಲವು ವಾಕ್ಯಗಳನ್ನು ತಪ್ಪೋ ಸರಿಯೋ ಎಂದು ಹೊರಗಿನವರು ಹೇಳಲಾರರು ಎಂಬುದು ಕೊನೆಯ ಗಡಿ. ‘ಕಿರ್ಯುತಸಿನ್ ಅರ್ತಿಕ್ಲಿತ್’ ಎಂದರೆ ಲೇಖನ ಬರೆಯುತ್ತಿದ್ದೆ, ‘ಕಿರ್ಯುತಸಿನ್ ಅರ್ತಿಕ್ಲಿ’ ಎಂದರೆ ಲೇಖನ ಬರೆದು ಮುಗಿಸಿದೆ. ಎರಡೂ ಶುದ್ಧ ವಾಕ್ಯಗಳು. ವಿದ್ಯಾರ್ಥಿ ಬರೆದದ್ದು ಅವನ ಮನಸ್ಸಿನಲ್ಲಿದ್ದದ್ದೇ ಎಂದು ತಿಳಿಯಲು ಹಿಂದುಮುಂದಿನ ವಾಕ್ಯ ಓದಬೇಕು, ಇಲ್ಲವೇ ಅವನನ್ನೇ ಕೇಳಬೇಕು. ಬಿಡಿ ವಾಕ್ಯ ಕೊಟ್ಟು ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸಗಳು ಈ ವಿಷಯದಲ್ಲಿ ಸೋಲುವುದು ಇದಕ್ಕೇ.

ಹಾಗಾಗಿ ಎಸ್ಟೋನಿಯನ್ ಕಲಿಯಹೊರಟಿರುವ ಕನ್ನಡಿಗರಿಗೆ ಎರಡು ಮಾತು. ಹೊಸ ನಾಮಪದ ಬರೆದುಕೊಳ್ಳುವಾಗ ಒಂದೇ ರೂಪ ಬರೆದುಕೊಳ್ಳಬೇಡಿ; ‘ರಾಮತ್, ರಾಮತು, ರಾಮತುತ್’ ಎಂದು ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ, ಅಲ್ಲಿನ ನಿಘಂಟುಗಳೂ ಮೂರನ್ನು ಕೊಡುತ್ತವೆ. ವಾಕ್ಯ ಕಟ್ಟುವ ಮುಂಚೆ ಅದನ್ನು ಕನ್ನಡದಲ್ಲಿ ಪೂರ್ತಿಯಾಗಿ, ಬಾಲದ ಸಮೇತ ಹೇಳಿಕೊಳ್ಳಿ. ‘ಓದಿದೆ’ ಎಂದಷ್ಟೇ ಅಂದುಕೊಂಡರೆ ಸಾಲದು. ‘ಓದುತ್ತಿದ್ದೆ’ ಎಂದು ಬಂದರೆ ಅಂಶ ವಿಭಕ್ತಿ, ‘ಓದಿ ಮುಗಿಸಿದೆ’ ಎಂದು ಬಂದರೆ ಷಷ್ಠಿ, ‘ಓದಲಿಲ್ಲ’ ಎಂದು ಬಂದರೆ ಯೋಚಿಸದೆ ಅಂಶ ವಿಭಕ್ತಿ.